ಪ್ರಕಟಣೆ ಓದಿದ ಮೇಲೆ ಬಂದ ಬೇಡಿಕೆ

ಪ್ರಶ್ನೆ: ಪಾಸ್ಟರ್ ಅವರಿಗೆ ವಂದನೆಗಳು. ನಾನು ಧಾರವಾಡ ಜಿಲ್ಲೆಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಪಿಂಚಣಿ 31 ಸಾವಿರ ಬರುತ್ತದೆ. ಮಗಳು ನರ್ಸ್, ಮಗ ಇನ್ನೂ ಓದುತ್ತಿದ್ದಾನೆ. ಎರಡು ತಿಂಗಳ ಹಿಂದೆ ಮಗಳ ನಿಶ್ಚಿತಾರ್ಥ ಆಯಿತು. ಆಗ ಹುಡುಗನ ಕಡೆಯವರು "ನಮಗೇನೂ ಬೇಡ, ಹುಡುಗಿ ಕೊಟ್ಟರೆ ಸಾಕು" ಎಂದಿದ್ದರು. ಸಭೆಯಲ್ಲಿ ಮೊದಲ ಪ್ರಕಟಣೆ ಓದಿದ ಮರುದಿನ ಮಧ್ಯಸ್ಥರ ಕೈಲಿ ಹೇಳಿ ಕಳಿಸಿದ್ದಾರೆ: ಹತ್ತು ತೊಲ ಬಂಗಾರ, ಹುಡುಗನ ಕಾರಿಗೆ ಎಂಟು ಲಕ್ಷ. "ನಿಮ್ಮ ಮಗಳಿಗೇ ತಾನೇ ಕೊಡೋದು" ಅಂತಾರೆ. ಮಗಳು ಬೇಡವೇ ಬೇಡ ಅಂತಾಳೆ. ಹೆಂಡತಿ ಹೇಗಾದರೂ ಹೊಂದಿಸೋಣ ಅಂತಾಳೆ. ಮನೆ ಮೇಲೆ ಸಾಲ ಕೇಳಿದ್ದೇನೆ. ಸತ್ಯವೇದದಲ್ಲೂ ಹೆಣ್ಣುಮಕ್ಕಳಿಗೆ ಕೊಟ್ಟು ಕಳಿಸಿದ್ದು ಇದೆ ಅಲ್ವಾ? ಇದ್ದುದರಲ್ಲಿ ತೃಪ್ತಿ ಇರಬೇಕು ಅಂತ ಸುಮ್ಮನೆ ಕೊಟ್ಟುಬಿಡಬೇಕಾ? ಪ್ರಕಟಣೆ ಓದಿದ ಮೇಲೆ ಮದುವೆ ನಿಲ್ಲಿಸಿದರೆ ಪಾಪ ಬರುತ್ತಾ?

ಉತ್ತರ: ಮೊದಲು ಒಂದು ಕೆಲಸದ ಮಾತು. ಬ್ಯಾಂಕಿನ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಸಾಲ ಹದಿನೈದು ದಿನ ಬಿಟ್ಟು ಕೇಳಿದರೂ ಸಿಗುತ್ತದೆ. ಹಾಕಿದ ಸಹಿ ವಾಪಸ್ ಬರುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ಕೈ ಕಟ್ಟಿಹಾಕಿರುವುದು ಅದೇ ಅಂತ ನನಗನ್ನಿಸುತ್ತದೆ. ಪ್ರಕಟಣೆ ಓದಿದ ಮೇಲೆ ಮದುವೆ ನಿಲ್ಲಿಸುವುದು ಪಾಪವಲ್ಲ. ಮೂರು ಭಾನುವಾರ ಪ್ರಕಟಣೆ ಓದುವುದು ಯಾಕೆ? ಈ ಮದುವೆಗೆ ಏನಾದರೂ ಅಡ್ಡಿ ಇದ್ದರೆ ಈಗಲೇ ತಿಳಿಸಿ ಅಂತ ಕೇಳುವುದಕ್ಕೆ. ಅಡ್ಡಿ ಇದೆ ಎಂದು ಹೇಳಲು ಸಭೆಯೇ ಕೊಡುವ ಸಮಯ ಅದು. ಮರಿಯಳನ್ನು ಬಿಟ್ಟುಬಿಡಲು ಯೋಸೇಫ ಯೋಚಿಸಿದ್ದು ನಿಶ್ಚಯವಾದ ಮೇಲೆ ಅಲ್ವಾ, ಅದು ಮದುವೆಯಷ್ಟೇ ಬಿಗಿಯಾದ ಸಂಬಂಧ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಆ ಕಾಲದ ಯೆಹೂದ್ಯರಲ್ಲಿ ಹಾಗಿತ್ತು. ನಿಶ್ಚಿತಾರ್ಥ ಮುರಿಯಲೂ ವಿಚ್ಛೇದನದ ಪತ್ರ ಬೇಕಿತ್ತು. ನಮ್ಮಲ್ಲಿ ಹಾಗಿಲ್ಲ. ಉಂಗುರ, ಸತ್ಯವೇದ ಬದಲಾಯಿಸಿಕೊಂಡು ಪ್ರಾರ್ಥನೆ ಮಾಡಿದ್ದು ಮದುವೆಯಾಗುತ್ತೇವೆ ಎಂಬ ಮಾತು, ಅಷ್ಟೇ. ದೇವರ ಮುಂದೆ ಒಡಂಬಡಿಕೆ ಆಗುವುದು ಮದುವೆಯ ದಿನ. ಅಲ್ಲಿಯವರೆಗೆ ನಿಮ್ಮ ಮಗಳಿಗೂ ಆ ಹುಡುಗನಿಗೂ ಬೇಡ ಎನ್ನುವ ಹಕ್ಕಿದೆ. ನಿಲ್ಲಿಸಲೇಬೇಕು ಅಂತ ನಾನು ಹೇಳುತ್ತಿಲ್ಲ. ನಿಲ್ಲಿಸಬಹುದು ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಮಾತ್ರ ಮಾತುಕತೆಗೆ ಕೂತಾಗ ನಿಮ್ಮ ದನಿ ನಡುಗುವುದಿಲ್ಲ.

ಬೇಡಿಕೆ ಬಂದ ಹೊತ್ತನ್ನು ಸ್ವಲ್ಪ ಗಮನಿಸಿ. ನಿಶ್ಚಿತಾರ್ಥದ ದಿನ ಏನೂ ಬೇಡ, ಪ್ರಕಟಣೆಯ ಮರುದಿನ ಹತ್ತು ತೊಲ. ಮದುವೆಗೆ ಮುಂಚಿನ ಸಮಾಲೋಚನೆಗೆ ನನ್ನ ಬಳಿ ಬರುವ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹೆಣ್ಣಿನ ಮನೆಯವರು ಹಿಂದೆ ಸರಿಯುವುದು ಕಷ್ಟವಾದ ಮೇಲೆಯೇ ಬೇಡಿಕೆ ಬರುತ್ತದೆ. ಹಾಲ್‌ಗೆ ಮುಂಗಡ ಕೊಟ್ಟಾಗಿರುತ್ತದೆ, ಸಭೆಗೆಲ್ಲ ಗೊತ್ತಾಗಿರುತ್ತದೆ. ಇನ್ನೊಂದು ಬೇಡಿಕೆ ಕಾರ್ಡ್ ಹಂಚಿದ ಮೇಲೆ ಬರಬಹುದು, ಮತ್ತೊಂದು ಮದುವೆಯ ಹಿಂದಿನ ರಾತ್ರಿ. ಹುಡುಗನ ಮನೆಯವರು ಹೀಗೆಲ್ಲ ಕೂತು ಲೆಕ್ಕ ಹಾಕಿದ್ದಾರೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನಿಗೆ ನಿಜಕ್ಕೂ ಏನೂ ಬೇಡವಾಗಿರುತ್ತದೆ. ಆಮೇಲೆ ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು "ಏನು ಕೊಡ್ತಾರಂತೆ?" ಅಂತ ಕೇಳಲು ಶುರು ಮಾಡುತ್ತಾರೆ. ಏನೂ ಇಲ್ಲ ಅನ್ನಲು ನಾಚಿಕೆಯಾಗುತ್ತದೆ. ತಮ್ಮ ಮಗಳ ಮದುವೆಗೆ ಮಾಡಿದ ಸಾಲ ಇನ್ನೂ ತೀರಿರುವುದಿಲ್ಲ, ಅದನ್ನು ಮಗನ ಮದುವೆಯಲ್ಲಿ ಸರಿದೂಗಿಸೋಣ ಅಂತಲೂ ಇರುತ್ತದೆ. ಕಾರಣ ಗೊತ್ತಾದರೆ ಕೋಪ ಸ್ವಲ್ಪ ಇಳಿಯುತ್ತದೆ, ಮಾತಾಡುವುದು ಸುಲಭವಾಗುತ್ತದೆ. ಆದರೆ ಅವರ ಸಾಲವನ್ನು ನೀವು ತೀರಿಸಬೇಕಾಗಿಲ್ಲ.

ಈಗ ಸತ್ಯವೇದದಲ್ಲಿ ಕೊಟ್ಟು ಕಳಿಸಿದ್ದರ ವಿಷಯ. ರೆಬೆಕ್ಕಳ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಆದಿಕಾಂಡ 24ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಬಾವಿಯ ಹತ್ತಿರ ಅರ್ಧ ಶೆಕೆಲ್ ತೂಕದ ಬಂಗಾರದ ಮೂಗುತಿ, ಹತ್ತು ಶೆಕೆಲ್ ತೂಕದ ಎರಡು ಬಂಗಾರದ ಬಳೆ ಕೈ ಬದಲಾಗುತ್ತವೆ. ಹತ್ತು ಶೆಕೆಲ್ ಅಂದರೆ ಸುಮಾರು 110 ಗ್ರಾಂ. ನಿಮ್ಮನ್ನು ಕೇಳಿರುವ ಹತ್ತು ತೊಲಕ್ಕೆ ಹತ್ತಿರ ಹತ್ತಿರವೇ ಆಯಿತು. ಆದರೆ ಕೊಟ್ಟವರು ಯಾರು? ಅಬ್ರಹಾಮನ ಸೇವಕ, ಅಂದರೆ ಗಂಡಿನ ಕಡೆಯವರು. ಮಾತುಕತೆ ಮುಗಿದ ಮೇಲೆ ರೆಬೆಕ್ಕಳಿಗೆ ಬೆಳ್ಳಿ ಬಂಗಾರದ ಒಡವೆ, ಬಟ್ಟೆ ಕೊಡುತ್ತಾನೆ. ಅವಳ ಅಣ್ಣನಿಗೂ ತಾಯಿಗೂ ಬೆಲೆಬಾಳುವ ವಸ್ತುಗಳನ್ನು ಕೊಡುತ್ತಾನೆ. ಅವಳು ಹೊರಡುವಾಗ ಜೊತೆಗೆ ದಾದಿಯೂ ಸೇವಕಿಯರೂ ಹೋಗುತ್ತಾರೆ, ಅದು ನಿಜ. ಯಾರೂ ಅವರನ್ನು ಕೇಳಿದ್ದಿಲ್ಲ. ಆ ಅಧ್ಯಾಯದಲ್ಲಿ ನನಗೆ ಬಂಗಾರಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು. ಕಳಿಸುವ ಮುಂಚೆ ಮನೆಯವರು ಹುಡುಗಿಯನ್ನು ಕರೆದು ಕೇಳುತ್ತಾರೆ: ಈ ಮನುಷ್ಯನ ಜೊತೆ ಹೋಗುತ್ತೀಯಾ? ಅವಳು ಹೋಗುತ್ತೇನೆ ಅನ್ನುತ್ತಾಳೆ. ನಿಮ್ಮ ಮನೆಯಲ್ಲಿ ಮಗಳು ಈ ವಿಷಯಕ್ಕೆ ಬೇಡವೇ ಬೇಡ ಅಂದಿದ್ದಾಳೆ. ಅವಳ ಮಾತಿಗೆ ಎಷ್ಟು ತೂಕ ಕೊಟ್ಟಿದ್ದೀರಿ?

ಎರಡನೆಯದು ಕಾಲೇಬನ ಮಗಳು ಅಕ್ಷಾ. ಯೆಹೋಶುವನ ಗ್ರಂಥದ 15ನೇ ಅಧ್ಯಾಯದಲ್ಲಿ ಅವಳು ಕತ್ತೆಯಿಂದ ಇಳಿದು ಅಪ್ಪನ ಮುಂದೆ ನಿಲ್ಲುತ್ತಾಳೆ. ಏನು ಬೇಕಮ್ಮ ಅಂತ ಅವನು ಕೇಳುತ್ತಾನೆ. ಒಣಭೂಮಿ ಕೊಟ್ಟಿದ್ದೀಯ, ನೀರಿನ ಬುಗ್ಗೆಗಳನ್ನೂ ಕೊಡು ಅನ್ನುತ್ತಾಳೆ. ಕಾಲೇಬ ಮೇಲಣ ಬುಗ್ಗೆ, ಕೆಳಗಣ ಬುಗ್ಗೆ ಎರಡನ್ನೂ ಕೊಡುತ್ತಾನೆ. ಇದು ಮಗಳು ತಾನೇ ಬಾಯಿಬಿಟ್ಟು ಅಪ್ಪನನ್ನು ಕೇಳಿದ ಆಸ್ತಿ. ಬೀಗರು ಮಧ್ಯಸ್ಥರ ಕೈಲಿ ಹೇಳಿ ಕಳಿಸಿದ್ದಲ್ಲ. ಫರೋಹ ತನ್ನ ಮಗಳಿಗೆ ಗೆಜೆರ್ ಪಟ್ಟಣ ಕೊಟ್ಟದ್ದನ್ನೂ ಕೆಲವರು ಎತ್ತುತ್ತಾರೆ. ಅದು ರಾಜರಾಜರ ನಡುವಿನ ರಾಜಕೀಯ. ಸುಟ್ಟು ಹಾಕಿದ ಪಟ್ಟಣವನ್ನು ಕೊಟ್ಟದ್ದು ನಮ್ಮ ಮದುವೆಗೆ ಮಾದರಿಯಾಗುವುದು ಹೇಗೆ ಅಂತ ನನಗಂತೂ ತಿಳಿಯುವುದಿಲ್ಲ.

ಯಾರೂ ಎತ್ತದ ಒಂದು ಭಾಗ ಇದೆ. ಹೆಣ್ಣುಮಕ್ಕಳೇ ಇದರ ಬಗ್ಗೆ ಮಾತಾಡಿದ ಭಾಗ ಅದು. ಲಾಬಾನ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಬದಲಾಗಿ ಯಾಕೋಬನಿಂದ ಏಳು ಮತ್ತು ಏಳು ಹದಿನಾಲ್ಕು ವರ್ಷ ದುಡಿಸಿಕೊಂಡ. ಅಲ್ಲಿ ಕೊಟ್ಟದ್ದು ಗಂಡು, ಪಡೆದದ್ದು ಹೆಣ್ಣಿನ ಅಪ್ಪ. ನಮ್ಮ ವರದಕ್ಷಿಣೆಗೆ ಪೂರ್ತಿ ಉಲ್ಟಾ. ಆದರೂ ಆದಿಕಾಂಡ 31ರಲ್ಲಿ ರಾಹೇಲ, ಲೇಯ ಇಬ್ಬರೂ ಏನು ಹೇಳುತ್ತಾರೆ ನೋಡಿ. ನಮ್ಮಪ್ಪನ ಮನೆಯಲ್ಲಿ ನಮಗೆ ಪಾಲು ಇದೆಯಾ? ಅವನು ನಮ್ಮನ್ನು ಹೊರಗಿನವರ ಹಾಗೆ ನೋಡಿದ, ಮಾರಿಬಿಟ್ಟ, ನಮ್ಮ ಹಣವನ್ನೂ ತಿಂದುಬಿಟ್ಟ. ಅಕ್ಕ ತಂಗಿ ಇಬ್ಬರಿಗೂ ಜೀವನಪೂರ್ತಿ ಹೊಂದಿಕೆ ಇರಲಿಲ್ಲ. ಈ ಒಂದು ಮಾತಿನಲ್ಲಿ ಮಾತ್ರ ಇಬ್ಬರ ದನಿ ಒಂದೇ. ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬುದು ಅವರ ದೂರಲ್ಲ. ತಮ್ಮನ್ನು ಮುಂದಿಟ್ಟುಕೊಂಡು ಬೇರೆಯವರು ವ್ಯಾಪಾರ ಮಾಡಿದರು ಎಂಬುದು ದೂರು. ದೇವರು ಗಂಡನ್ನೂ ಹೆಣ್ಣನ್ನೂ ತನ್ನ ಸ್ವರೂಪದಲ್ಲಿ ಉಂಟುಮಾಡಿದ ಅಂತ ಆದಿಕಾಂಡದ ಮೊದಲ ಅಧ್ಯಾಯವೇ ಹೇಳುತ್ತದೆ. ಹೆಂಡತಿಯೂ ಗಂಡನ ಜೊತೆ ಜೀವವರಕ್ಕೆ ಸಮಬಾಧ್ಯಳು, ಅವಳನ್ನು ಗೌರವಿಸಿ ಅಂತ ಪೇತ್ರ ಬರೆಯುತ್ತಾನೆ. ಹಾಗೆ ಗೌರವಿಸದಿದ್ದರೆ ಗಂಡನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಎಂದೂ ಅದೇ ವಚನದಲ್ಲಿದೆ. ಸಮಬಾಧ್ಯಳನ್ನು ಮನೆಗೆ ಕರೆತರಲು ಕಾರು ಕೇಳುವುದು ಆ ಗೌರವಕ್ಕೆ ಹೊಂದುವುದಿಲ್ಲ.

ತೃಪ್ತಿಯ ಮಾತಿಗೆ ಬರೋಣ. ನನಗೆ ಬೇಸರ ತರಿಸುವುದು ಇದೇ. ನಮ್ಮ ಸಭೆಗಳಲ್ಲಿ ತೃಪ್ತಿಯ ವಚನಗಳನ್ನು ಸಾಮಾನ್ಯವಾಗಿ ಹೆಣ್ಣಿನ ಮನೆಯವರ ಕಡೆಗೆ ತಿರುಗಿಸುತ್ತೇವೆ. ಹೊಂದಿಕೊಂಡು ಹೋಗಿ, ದೇವರು ನಡೆಸುತ್ತಾನೆ, ಮನೆಯ ಮಾನ ಉಳಿಯಲಿ. ಆದರೆ ಆ ವಚನಗಳನ್ನು ಮೊದಲು ಯಾರಿಗೆ ಹೇಳಿದ್ದು ಅಂತ ನೋಡಿದರೆ ಚಿತ್ರವೇ ಬೇರೆ. ಲೂಕ 3ರಲ್ಲಿ ಸಿಪಾಯಿಗಳು ಬಂದು ನಾವೇನು ಮಾಡಬೇಕು ಅಂತ ಸ್ನಾನಿಕನಾದ ಯೋಹಾನನನ್ನು ಕೇಳುತ್ತಾರೆ. ಯಾರನ್ನೂ ಹೆದರಿಸಿ ಹಣ ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅನ್ನುತ್ತಾನೆ. ತೃಪ್ತಿಯ ಮಾತು ಹೇಳಿದ್ದು ಕಿತ್ತುಕೊಳ್ಳುವ ಶಕ್ತಿ ಇದ್ದವರಿಗೆ. ಹಣ ಕಳೆದುಕೊಂಡವರನ್ನು ಕರೆದು ಹೇಳಿದ್ದಲ್ಲ.

ಇನ್ನೊಂದು ಇಬ್ರಿಯರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ. ನಾಲ್ಕನೇ ವಚನ ಮದುವೆ ಎಲ್ಲರಲ್ಲೂ ಗೌರವದ್ದಾಗಿರಲಿ ಅನ್ನುತ್ತದೆ. ಅದನ್ನು ನಾವು ಮದುವೆ ಕಾರ್ಡಿನ ಮೇಲೆ ಅಚ್ಚು ಹಾಕಿಸಬಹುದು. ಅದರ ಕೆಳಗಿನ ಐದನೇ ವಚನವನ್ನು ಯಾರೂ ಹಾಕಿಸುವುದಿಲ್ಲ. ಹಣದಾಸೆ ಇಲ್ಲದವರಾಗಿರಿ, ನಿಮಗಿರುವುದರಲ್ಲೇ ತೃಪ್ತರಾಗಿರಿ, ನಾನು ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಅಂತ ದೇವರೇ ಹೇಳಿದ್ದಾನೆ ಎಂಬುದು ಅಲ್ಲಿನ ಮಾತು. ಮದುವೆಯ ಗೌರವವೂ ಹಣದಾಸೆಯೂ ಪಕ್ಕಪಕ್ಕದಲ್ಲೇ ಇವೆ. ಬೀಗರ ಜೊತೆ ಕೂರುವ ದಿನ ಈ ಎರಡು ವಚನಗಳನ್ನು ಒಟ್ಟಿಗೆ ಓದಿ. ಮನೆ ಪ್ರಾರ್ಥನೆಯಿಂದ ಮಾತು ಶುರುವಾಗುವ ಮನೆಗಳಲ್ಲಿ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ತೃಪ್ತಿ ಅಂದರೆ ಸುಮ್ಮನಿರುವುದಾ ಅಂತ ಕೇಳಿದ್ದೀರಿ. ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರಲು ಕಲಿತುಕೊಂಡಿದ್ದೇನೆ ಅಂತ ಪೌಲ ಬರೆದದ್ದು ಫಿಲಿಪ್ಪಿಯವರಿಗೆ, ಅದೂ ಬೇಡಿ ಹಾಕಿಸಿಕೊಂಡಿದ್ದಾಗ. ಅದೇ ಫಿಲಿಪ್ಪಿ ಪಟ್ಟಣದಲ್ಲಿ ಹಿಂದೆ ಅವನನ್ನು ವಿಚಾರಣೆ ಇಲ್ಲದೆ ಎಲ್ಲರ ಮುಂದೆ ಹೊಡೆಸಿ ಸೆರೆಗೆ ಹಾಕಿದ್ದರು. ಮರುದಿನ ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟು ಕಳಿಸಲು ನೋಡಿದರು. ಪೌಲ ಒಪ್ಪಲಿಲ್ಲ. ನಾವು ರೋಮಿನ ಹಕ್ಕುಳ್ಳವರು, ಎಲ್ಲರ ಮುಂದೆ ಹೊಡೆದು ಗುಟ್ಟಾಗಿ ಕಳಿಸುತ್ತಾರಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅಧಿಕಾರಿಗಳು ಬಂದು ಬೇಡಿಕೊಂಡರು. ಸಂತುಷ್ಟನಾದ ಮನುಷ್ಯನೇ ತನ್ನ ಹಕ್ಕನ್ನು ನೇರವಾಗಿ ಕೇಳಿದವನು. ಇದು ಅಪೊಸ್ತಲರ ಕೃತ್ಯಗಳು 16ರಲ್ಲಿದೆ, ನಿಮ್ಮ ಹೆಂಡತಿಗೂ ಓದಿ ಹೇಳಿ.

ಮಧ್ಯಸ್ಥರ ಬಗ್ಗೆಯೂ ಒಂದು ಮಾತು ಹೇಳಬೇಕು. "ಹುಡುಗನಿಗೇನೂ ಬೇಡವಂತೆ, ಆದರೆ ಮನೆಯವರು..." ಅಂತ ಶುರುವಾಗುವ ಮಾತು ನಿಮಗೆ ಗೊತ್ತೇ ಇದೆ. ಯಾರು ಕೇಳಿದ್ದು ಅಂತ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಅರಸುಗಳು ಎರಡನೆಯ ಭಾಗದ 5ನೇ ಅಧ್ಯಾಯದಲ್ಲಿ ಗೇಹಜಿ ಮಾಡಿದ್ದು ಇದನ್ನೇ. ನಾಮಾನನ ಕುಷ್ಠ ವಾಸಿಯಾಯಿತು. ಅವನು ಕೊಟ್ಟ ಕಾಣಿಕೆಯನ್ನು ಎಲೀಷ ಮುಟ್ಟಲಿಲ್ಲ. ಗೇಹಜಿ ಹಿಂದಿನಿಂದ ಓಡಿಹೋಗಿ, ನನ್ನ ಯಜಮಾನರು ಕಳಿಸಿದ್ದಾರೆ, ಇಬ್ಬರು ಹುಡುಗರು ಬಂದಿದ್ದಾರೆ, ಅವರಿಗೆ ಒಂದು ತಲಾಂತು ಬೆಳ್ಳಿಯೂ ಎರಡು ಜೊತೆ ಬಟ್ಟೆಯೂ ಬೇಕು ಅಂದ. ಬೇಡಿಕೆ ತನ್ನದು, ಹೆಸರು ಬೇರೆಯವರದು. ನಾಮಾನ ಏನು ಮಾಡಿದ? ಒಂದಲ್ಲ, ಎರಡು ತಲಾಂತು ತೆಗೆದುಕೋ ಅಂತ ಒತ್ತಾಯ ಮಾಡಿ ಕೊಟ್ಟ. "ಅವರು ಖುಷಿಯಿಂದ ಕೊಟ್ಟರು, ನಾವೇನು ಬಲವಂತ ಮಾಡಿದೆವಾ?" ಅನ್ನುವ ಬೀಗರಿಗೆ ಈ ಕಥೆ ಉತ್ತರ. ನಾಮಾನ ಖುಷಿಯಿಂದಲೇ ಕೊಟ್ಟಿದ್ದ. ಹಣ ತೆಗೆದುಕೊಳ್ಳಲು ಇದು ಸಮಯವಾ ಅಂತ ಎಲೀಷ ಕೇಳಿದ್ದು ಗೇಹಜಿಯನ್ನು, ಕೊನೆಗೆ ಕುಷ್ಠ ಹತ್ತಿದ್ದೂ ಅವನಿಗೇ.

"ನಿಮ್ಮ ಮಗಳಿಗೇ ತಾನೇ ಕೊಡೋದು" ಎಂಬ ಮಾತನ್ನು ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಕಾರು ಯಾರ ಹೆಸರಲ್ಲಿ ನೋಂದಣಿಯಾಗುತ್ತದೆ? ಬಂಗಾರ ಯಾರ ಲಾಕರಿನಲ್ಲಿ ಇರುತ್ತದೆ? ಮಗಳಿಗೇ ಅನ್ನುವುದು ನಿಜವಾದರೆ ಎಂಟು ಲಕ್ಷವನ್ನು ಅವಳ ಹೆಸರಿನಲ್ಲಿ ಠೇವಣಿ ಇಡುತ್ತೇವೆ ಅಂತ ಹೇಳಿ ನೋಡಿ. ಅಲ್ಲಿಗೆ ಮುಖದ ಬಣ್ಣ ಬದಲಾದರೆ ಉತ್ತರ ಸಿಕ್ಕಿತು. ಹಾಗಂತ ಕೊಡುವ ಭರವಸೆ ಕೊಡಬೇಡಿ, ಕೇಳಿ ನೋಡಿ ಅಷ್ಟೇ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ತಿಳುವಳಿಕೆ, ವರದಕ್ಷಿಣೆ ಕೊಟ್ಟರೆ ಮಗಳ ಪಾಲು ಕೊಟ್ಟ ಹಾಗಾಯಿತು ಎಂಬುದು. ನಮ್ಮ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಲ್ ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಮೂರರಲ್ಲಿ ಒಂದು ಭಾಗ ಹೆಂಡತಿಗೆ, ಉಳಿದದ್ದು ಮಕ್ಕಳಿಗೆ. ಮಗ ಮಗಳು ಅನ್ನುವ ಭೇದ ಅಲ್ಲಿಲ್ಲ. ಕೇರಳದ ತಿರುವಾಂಕೂರು ಭಾಗದಲ್ಲಿ ಬಹಳ ಕಾಲ ಹೀಗಿರಲಿಲ್ಲ. ಅಲ್ಲಿನ 1916ರ ಕಾಯ್ದೆ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಮಾತ್ರ ಕೊಡುತ್ತಿತ್ತು. ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅಲ್ಲೂ ಸಮಪಾಲು ಬಂತು.

ನಿಮ್ಮ ಮನೆಯ ಲೆಕ್ಕ ಹಾಕೋಣ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಮುಂದೆ ಆ ಮನೆಯಲ್ಲಿ ಮೂವರಿಗೂ ಮೂರರಲ್ಲಿ ಒಂದೊಂದು ಪಾಲು. ಈಗ ಅದೇ ಮನೆ ಅಡವಿಟ್ಟು ಅಳಿಯನ ಹೆಸರಿಗೆ ಕಾರು ಕೊಡಿಸಿದರೆ ಮೂವರ ಪಾಲಿನಿಂದಲೂ ತೆಗೆದು ನಾಲ್ಕನೆಯವನಿಗೆ ಕೊಟ್ಟ ಹಾಗೆ. ಅದರಲ್ಲಿ ನಿಮ್ಮ ಮಗಳ ಪಾಲೂ ಹೋಯಿತು. ಎಂಟು ಲಕ್ಷಕ್ಕೆ ವರ್ಷಕ್ಕೆ ಶೇ 12ರ ಬಡ್ಡಿ, ಐದು ವರ್ಷ ಅಂತ ಇಟ್ಟುಕೊಂಡರೆ ತಿಂಗಳಿಗೆ ಸುಮಾರು 17,800 ರೂಪಾಯಿ ಕಂತು. ನಿಮ್ಮ ಪಿಂಚಣಿಯ ಅರ್ಧಕ್ಕಿಂತ ಜಾಸ್ತಿ. ಐದು ವರ್ಷ ಮುಗಿಯುವಾಗ ಕಟ್ಟಿದ್ದು ಹತ್ತೂವರೆ ಲಕ್ಷ ದಾಟಿರುತ್ತದೆ. ಇದರಲ್ಲಿ ಬಂಗಾರ ಇನ್ನೂ ಸೇರಿಲ್ಲ, ಮಗನ ಫೀಸೂ ಸೇರಿಲ್ಲ. ಕಾರಿನ ಬೆಲೆ ಅಷ್ಟು ಹೊತ್ತಿಗೆ ಅರ್ಧಕ್ಕೆ ಬಂದಿರುತ್ತದೆ. ಈ ಕಂತಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಹೆಂಡತಿಯ ಮುಂದಿಡಿ. ಹೇಗಾದರೂ ಹೊಂದಿಸೋಣ ಅನ್ನುವವರು ಸಾಮಾನ್ಯವಾಗಿ ಇಡೀ ಮೊತ್ತ ಕೇಳಿರುತ್ತಾರೆ, ತಿಂಗಳ ಕಂತು ಕೇಳಿರುವುದಿಲ್ಲ.

ಹಾಗಾದರೆ ಮುಂದೇನು? ಮೊದಲು ಮಗಳೂ ಹುಡುಗನೂ ಇಬ್ಬರೇ ಮಾತಾಡಲಿ. ಫೋನಿನಲ್ಲಿ ಬೇಡ, ಎದುರಾಬದುರು ಕೂತು. ಅವಳು ಒಂದೇ ಪ್ರಶ್ನೆ ಕೇಳಲಿ: ನಿಮ್ಮ ಮನೆಯಿಂದ ಇಂಥ ಮಾತು ಬಂದಿದೆ, ನಿಮಗೆ ಗೊತ್ತಾ, ನೀವೇನು ಮಾಡುತ್ತೀರಿ? ಹುಡುಗ "ನನಗೆ ಗೊತ್ತಿರಲಿಲ್ಲ, ನಾನು ಮನೆಯಲ್ಲಿ ಮಾತಾಡುತ್ತೇನೆ" ಅಂದು ಎರಡು ಮೂರು ದಿನದಲ್ಲಿ ನಿಜವಾಗಿ ಮಾತಾಡಿದರೆ ಈ ಮದುವೆಗೆ ದಾರಿ ಇದೆ. ಬೇಕು ಅಂತಲೇ ಹೇಳಿದರೂ ಪರವಾಗಿಲ್ಲ, ಎಲ್ಲಿ ನಿಂತಿದ್ದೀರಿ ಅಂತ ತಿಳಿಯಿತು. ನನಗೆ ಹೆಚ್ಚು ಭಯವಾಗುವುದು ಮೂರನೇ ಉತ್ತರಕ್ಕೆ. "ಅದೆಲ್ಲ ದೊಡ್ಡವರ ವಿಷಯ, ನಾನು ತಲೆ ಹಾಕಲ್ಲ." ಮದುವೆಯಾದ ಮೇಲೂ ಅತ್ತೆಮನೆಯಲ್ಲಿ ಏನಾದರೂ ಆದಾಗ ಅವನು ತಲೆ ಹಾಕುವುದಿಲ್ಲ. ಗಂಡು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನು ಅಂತ ಆದಿಕಾಂಡ 2ರಲ್ಲಿ ಬರೆದಿರುವುದು ಗಂಡಿನ ಬಗ್ಗೆ. ಮನೆ ಖಾಲಿ ಮಾಡು ಅಂತ ಅರ್ಥವಲ್ಲ. ಇಂಥ ಹೊತ್ತಿನಲ್ಲಿ ಅವಳ ಪಕ್ಕಕ್ಕೆ ಬಂದು ನಿಲ್ಲು ಅಂತ.

ಆಮೇಲೆ ಎರಡೂ ಮನೆಯವರು ಕೂರಬೇಕು. ಹುಡುಗ, ಹುಡುಗಿ, ಇಬ್ಬರ ತಂದೆತಾಯಿ, ಜೊತೆಗೆ ನಿಮ್ಮ ಸಭೆಯ ಪಾಸ್ಟರ್ ಅಥವಾ ಎರಡೂ ಕಡೆಯವರು ಗೌರವಿಸುವ ಒಬ್ಬ ಹಿರಿಯರು. ಮಧ್ಯಸ್ಥರು ಬರಲಿ, ಆದರೆ ಅವರ ಬಾಯಿಂದ ಮಾತು ಬೇಡ. ಮಾತು ಎರಡನೇ ಪ್ರಕಟಣೆಗೆ ಮುಂಚೆಯೇ ಆಗಲಿ. ಆಗದಿದ್ದರೆ ಪ್ರಕಟಣೆ ಒಂದು ವಾರ ನಿಲ್ಲಿಸಲು ಪಾಸ್ಟರಿಗೆ ಹೇಳಿ. ಮಾತು ಉದ್ದ ಬೇಡ. "ಅಣ್ಣಾವರೇ, ಮಧ್ಯಸ್ಥರು ಇಂಥಿಂಥದ್ದು ಹೇಳಿದರು. ಅದು ನಿಮ್ಮ ಮಾತಾ? ನಮ್ಮಿಂದ ಅದು ಆಗುವುದಿಲ್ಲ. ಆಗುವ ಹಾಗಿದ್ದರೂ ಕೊಡುವುದಿಲ್ಲ. ಮಗಳಿಗೆ ನಮ್ಮ ಕೈಲಾದದ್ದನ್ನು ನಾವೇ ಕೊಡುತ್ತೇವೆ, ಅದನ್ನು ಯಾರೂ ಕೇಳಬಾರದು." ಆಗುವುದಿಲ್ಲ ಅಂತ ಮಾತ್ರ ಹೇಳಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಎಷ್ಟು ಆಗುತ್ತದೆ ಅಂತ ಚೌಕಾಸಿ ಶುರುವಾಗುತ್ತದೆ.

ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ. ಎದುರಿಗೆ ಕೂತು ಕೇಳಿದಾಗ "ಅಯ್ಯೋ, ನಾವೆಲ್ಲಿ ಕೇಳಿದೆವು" ಅನ್ನುತ್ತಾರೆ. ಅವರ ಮುಖ ಉಳಿಯಲಿ, ಒಪ್ಪಿಕೊಳ್ಳಿ. ಅಲ್ಲಿದ್ದ ಹಿರಿಯರು ಎರಡೂ ಕಡೆ ಯಾವ ಕೊಡುಕೊಳ್ಳುವಿಕೆಯೂ ಇಲ್ಲ ಅಂತ ಗಟ್ಟಿಯಾಗಿ ಹೇಳಿ ಪ್ರಾರ್ಥನೆ ಮಾಡಲಿ. ಆದರೆ ಆಮೇಲೂ ಕಣ್ಣಿಟ್ಟಿರಿ. "ಆಯ್ತು ಬಿಡಿ, ಆಮೇಲೆ ನೋಡೋಣ" ಅಂದರೆ ಬೇಡಿಕೆ ಹೋಗಿಲ್ಲ. ಬಂಗಾರ ಬಿಟ್ಟು, ದೊಡ್ಡ ಹಾಲ್ ಮಾಡಿ, ನಮ್ಮ ಕಡೆಯ ಐನೂರು ಜನಕ್ಕೆ ಬಿರಿಯಾನಿ ಆಗಬೇಕು, ಹುಡುಗನ ಸೂಟು ಇಂಥ ಅಂಗಡಿಯದೇ ಆಗಬೇಕು ಅಂತ ಬಂದರೆ ಬೇಡಿಕೆ ಬಟ್ಟೆ ಬದಲಾಯಿಸಿಕೊಂಡು ಬಂದಿದೆ ಅಂತ ತಿಳಿಯಿರಿ.

ಅರ್ಧ ಕೊಟ್ಟು ಮುಗಿಸೋಣ ಅಂತ ನಿಮ್ಮ ನೆಂಟರು ಹೇಳಬಹುದು. ಐದು ತೊಲ, ನಾಲ್ಕು ಲಕ್ಷ. ಇದು ಎಲ್ಲಕ್ಕಿಂತ ಸುರಕ್ಷಿತ ಅನ್ನಿಸುತ್ತದೆ, ಎಲ್ಲಕ್ಕಿಂತ ಅಪಾಯ ಇದೇ. ಅರ್ಧ ಕೊಟ್ಟವರ ಲೆಕ್ಕದಲ್ಲಿ ವಿಷಯ ಮುಗಿದಿರುತ್ತದೆ, ತೆಗೆದುಕೊಂಡವರ ಲೆಕ್ಕದಲ್ಲಿ ಇನ್ನರ್ಧ ಬಾಕಿ ಇರುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಒಪ್ಪಿಕೊಂಡರು. ಆ ಹುಡುಗಿ ಬಾಣಂತನಕ್ಕೆ ತವರಿಗೆ ಬಂದಳು. ಮಗುವಿನ ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡಲು ಬಂದ ಬೀಗರು ಕಾಫಿ ಲೋಟ ಕೆಳಗಿಡುವ ಮುಂಚೆ ಉಳಿದ ತೊಲಗಳ ಮಾತೆತ್ತಿದರು. ಮಗು ಮಡಿಲಲ್ಲಿದ್ದಾಗ ಬೇಡ ಅನ್ನುವುದು ಈಗ ಬೇಡ ಅನ್ನುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಕೂತು ಮಾತಾಡಿದ ಮೇಲೂ ಬೇಡಿಕೆ ನಿಂತರೆ ಮದುವೆ ನಿಲ್ಲಿಸಿ. ಹಾಲ್ ಮುಂಗಡ ಹೋಗಬಹುದು. ಜನ ಆರು ತಿಂಗಳು ಮಾತಾಡಬಹುದು, ನಿಮ್ಮ ಮಗಳಲ್ಲೇ ಏನೋ ದೋಷ ಅಂತಲೂ ಅನ್ನಬಹುದು. ಅದು ನೋವು, ಅದನ್ನು ಸಣ್ಣದು ಅನ್ನುವುದಿಲ್ಲ. ಪ್ರಕಟಣೆ ಹಿಂತೆಗೆದುಕೊಳ್ಳಲು ಪಾಸ್ಟರಿಗೆ ಒಂದು ಕಾಗದ ಬರೆದು ಕೊಡಿ. ಕಾರಣವನ್ನೂ ಬರೆಯಿರಿ. ನಿಮ್ಮ ಮಗಳು ದುಡಿಯುವವಳು, ಅವಳಿಗೆ ಕಾಯುವ ಶಕ್ತಿ ಇದೆ.

ಕಾನೂನಿನ ವಿಷಯ ಕೊನೆಗೆ ಇಟ್ಟೆ, ಮೊದಲೇ ಹೇಳಿದರೆ ಹೆದರಿಸಿದ ಹಾಗಾಗುತ್ತದೆ ಅಂತ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಕೊಡುವ ಮುಂಚೆ, ಬರೀ ಕೇಳಿದ್ದೇ ಅಪರಾಧ, ನೇರವಾಗಿ ಕೇಳಿದರೂ ಅಷ್ಟೇ, ಸುತ್ತುಬಳಸಿ ಕೇಳಿದರೂ ಅಷ್ಟೇ. ಅದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ತೆಗೆದುಕೊಂಡರೆ ಕನಿಷ್ಠ ಐದು ವರ್ಷ. ಕೊಡುವುದೂ ಅಪರಾಧವೇ, ಇದನ್ನು ಬಹಳ ಜನ ಮರೆಯುತ್ತಾರೆ. ಆದರೆ ನೊಂದವರು ತಾವು ಕೊಟ್ಟೆವು ಅಂತ ಹೇಳಿಕೆ ಕೊಟ್ಟರೆ ಆ ಹೇಳಿಕೆಯ ಮೇಲೆ ಅವರ ವಿರುದ್ಧವೇ ಕೇಸು ಹಾಕುವಂತಿಲ್ಲ. ಯಾರೂ ಕೇಳದೆ, ನಿಮ್ಮ ಶಕ್ತಿಗೆ ತಕ್ಕಂತೆ, ರೂಢಿಯಲ್ಲಿರುವಷ್ಟು ಕೊಡುವ ಉಡುಗೊರೆಗೆ ಅಡ್ಡಿಯಿಲ್ಲ. ಅದಕ್ಕೆ ಪಟ್ಟಿ ಇರಬೇಕು. ಏನು ಕೊಟ್ಟದ್ದು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ ಅಂತ ಬರೆದು ಹುಡುಗ ಹುಡುಗಿ ಇಬ್ಬರೂ ಸಹಿ ಹಾಕಬೇಕು. 1985ರಿಂದ ಇರುವ ನಿಯಮ ಇದು. ಇದನ್ನು ಪಾಲಿಸುವ ಮನೆ ನಾನು ನೋಡಿದ್ದು ಬಹಳ ಕಡಿಮೆ.

ನೀವು ಇವತ್ತೇ ದೂರು ಕೊಡಿ ಅಂತ ನಾನು ಹೇಳುವುದಿಲ್ಲ. ಮಾತಿನಲ್ಲಿ ಮುಗಿಯುವುದು ಮಾತಿನಲ್ಲೇ ಮುಗಿಯಲಿ. ಆದರೆ ಮಧ್ಯಸ್ಥರು ಯಾವ ದಿನ, ಯಾರ ಮುಂದೆ, ಏನು ಹೇಳಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾಟ್ಸ್‌ಆ್ಯಪ್‌ನಲ್ಲಿ ಏನಾದರೂ ಬಂದಿದ್ದರೆ ಅಳಿಸಬೇಡಿ. ಬೆದರಿಕೆ ಬಂದರೆ, ಅಥವಾ ಹಬ್ಬಿದ ಸುದ್ದಿಯಿಂದ ಮಗಳಿಗೆ ತೊಂದರೆಯಾದರೆ ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಿದ್ದರೆ 112ಕ್ಕೆ ಫೋನ್ ಮಾಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ವರದಕ್ಷಿಣೆ ನಿಷೇಧ ಅಧಿಕಾರಿ ಯಾರು ಅಂತ ಹೇಳುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟಿದ್ದರೂ.

ಇದನ್ನು ಓದುತ್ತಿರುವ ಹುಡುಗನ ಅಪ್ಪ ಅಮ್ಮಂದಿರಿಗೂ ಒಂದೆರಡು ಮಾತು. ನಿಮ್ಮ ಮೇಲೂ ಒತ್ತಡ ಇದೆ, ಗೊತ್ತು. ನೆಂಟರು ಕೇಳಿದಾಗ ಏನು ಹೇಳಬೇಕು ಅನ್ನುವುದೇ ನಿಮ್ಮ ಕಷ್ಟವಾದರೆ, ನಿಶ್ಚಿತಾರ್ಥದ ದಿನವೇ ಪಾಸ್ಟರ್ ಬಾಯಿಂದ ಹೇಳಿಸಿಬಿಡಿ, ಎರಡು ಮನೆಯವರೂ ಒಬ್ಬರಿಂದೊಬ್ಬರು ಏನೂ ಕೇಳುವುದಿಲ್ಲ ಅಂತ. ಆಮೇಲೆ ಚಿಕ್ಕಪ್ಪ ಕೇಳಿದರೂ ಪಾಸ್ಟರ ಕಡೆ ಕೈ ತೋರಿಸಬಹುದು. ನಾನು ನಡೆಸುವ ನಿಶ್ಚಿತಾರ್ಥಗಳಲ್ಲಿ ಹೀಗೆ ಕೇಳಿಕೊಂಡವರಿಗೆ ಸಂತೋಷದಿಂದ ಹೇಳಿದ್ದೇನೆ. ಮಗಳ ಮದುವೆಯ ಸಾಲ ತಲೆ ಮೇಲಿದ್ದರೆ ಅದನ್ನು ಮಗನ ಹತ್ತಿರ ಬಿಚ್ಚಿ ಹೇಳಿ. ಅವನು ದುಡಿದು ತೀರಿಸುತ್ತಾನೆ. ಸೊಸೆಯ ಅಪ್ಪನ ಪಿಂಚಣಿ ಅದಕ್ಕೆ ಬೇಡ.

ನಿಮಗೆ, ಮಾಸ್ತರರೇ, ಈ ಭಾನುವಾರದ ಒಳಗೆ ಮೂರು ಕೆಲಸ: ಬ್ಯಾಂಕಿಗೆ ಹೋಗಿ ಅರ್ಜಿ ತಡೆಹಿಡಿಯಿರಿ, ಮಗಳು ಹುಡುಗನನ್ನು ಭೇಟಿಯಾಗಲಿ, ನಿಮ್ಮ ಪಾಸ್ಟರಿಗೆ ಫೋನ್ ಮಾಡಿ ಕೂರುವ ದಿನ ಗೊತ್ತುಮಾಡಿ. ಹುಡುಗ ಏನಂದ ಅಂತ ನನಗೆ ಬರೆಯಿರಿ. ಮುಂದಿನ ಮಾತು ಅದರ ಮೇಲೆ ನಿಂತಿದೆ.